ಬೆಲೆ ಕಟ್ಟುವುದೋ, ಅಂಗಡಿಯನ್ನೇ ಕಟ್ಟಿಹಾಕುವುದೋ?

ಹೊಲಿಗೆ ಯಂತ್ರ ಮಾಡುವವರು ಡೀಲರುಗಳಿಗೆ ಕನಿಷ್ಠ ಮಾರಾಟ ಬೆಲೆ ಗೊತ್ತುಮಾಡಬೇಕೋ, ಇಲ್ಲ "ಬೇರೆ ಬ್ರ್ಯಾಂಡ್ ಇಡಬೇಡಿ" ಎನ್ನಬೇಕೋ ಎಂದು ಕೇಳಿದ್ದೀರಿ. ಯಾರ ಖರ್ಚಿನ ಲಾಭ ಯಾರಿಗೆ ಹೋಗುತ್ತಿದೆ ಎಂದು ಮೊದಲು ನೋಡಿ.

ಒಬ್ಬ ಡೀಲರು ಅರ್ಧ ಗಂಟೆ ಕೂತು, ದಾರ ಪೋಣಿಸಿ, ಹೊಲಿದು ತೋರಿಸುತ್ತಾನೆ. ಗಿರಾಕಿ ಎಲ್ಲ ತಿಳಿದುಕೊಂಡು, ಏನೂ ತೋರಿಸದ ಅಗ್ಗದ ಅಂಗಡಿಗೆ ಹೋಗುತ್ತಾನೆ. ಹೀಗೇ ಆದರೆ ತೋರಿಸುವವರೇ ಉಳಿಯುವುದಿಲ್ಲ, ಅಲ್ವಾ? ಇಲ್ಲಿ ಕನಿಷ್ಠ ಬೆಲೆಗೆ ಅರ್ಥವಿದೆ. ಆದರೆ ತರಬೇತಿ ಕೊಟ್ಟು ಗಿರಾಕಿಗಳನ್ನು ಕಳಿಸಿದ್ದು ನೀವು, ಡೀಲರು ತನಗೆ ಜಾಸ್ತಿ ಕಮಿಷನ್ ಸಿಗುವ ಬೇರೆ ಯಂತ್ರವನ್ನು ಅವರಿಗೆ ಮಾರುತ್ತಿದ್ದಾನೆ ಎಂದರೆ, ಬೆಲೆ ಕಟ್ಟಿ ಪ್ರಯೋಜನವಿಲ್ಲ. ಅದಕ್ಕೆ ನಿಮ್ಮದನ್ನು ಮಾತ್ರ ಮಾರುವ ಒಪ್ಪಂದವೇ ಸರಿ.

ಸ್ಪರ್ಧೆಗೆ ಬೀಳುವ ಏಟೂ ಬೇರೆ ಬೇರೆ. ಬೆಲೆ ಕಟ್ಟಿದರೆ ಗಿರಾಕಿಗೆ ನೇರವಾಗಿ ರಿಯಾಯಿತಿ ತಪ್ಪುತ್ತದೆ. ತೋರಿಸುವ ಅಗತ್ಯವೇ ಇಲ್ಲದ ಸೂಜಿ, ದಾರಕ್ಕೂ ಬೆಲೆ ಕಟ್ಟಿ ಎಂದು ದೊಡ್ಡ ಡೀಲರುಗಳೇ ಒತ್ತಾಯಿಸಿದರೆ, ಅದು ಅವರ ಒಳಒಪ್ಪಂದದ ಮುಸುಕು ಎಂದೇ ನಾನು ಅನುಮಾನಿಸುತ್ತೇನೆ. ಒಂದೇ ಬ್ರ್ಯಾಂಡಿನ ಒಪ್ಪಂದದಲ್ಲಿ ಏಟು ಎದುರಾಳಿ ತಯಾರಕನಿಗೆ. ಹತ್ತು ಅಂಗಡಿಗಳಲ್ಲಿ ಒಂದನ್ನು ಒಂದು ವರ್ಷ ಹಿಡಿದಿಟ್ಟರೆ ಚಿಂತೆಯಿಲ್ಲ. ಎಂಟನ್ನು ವರ್ಷಗಟ್ಟಲೆ ಹಿಡಿದರೆ ಹೊಸಬ ಎಲ್ಲಿ ಮಾರಬೇಕು?

ಅಮೆರಿಕದ ಫೆಡರಲ್ ಕಾನೂನು ಅಲ್ಲಿನ ಸುಪ್ರೀಂ ಕೋರ್ಟಿನ 2007ರ ಲೀಜಿನ್ ತೀರ್ಪಿನಿಂದೀಚೆಗೆ ಎರಡರ ವಿಷಯದಲ್ಲೂ ಲಾಭ-ಹಾನಿ ತೂಗಿ ನೋಡುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಕನಿಷ್ಠ ಬೆಲೆ ಕಟ್ಟುವುದು ಗಂಭೀರ ತಪ್ಪು. ಆದರೆ ತಯಾರಕ, ಡೀಲರು ಇಬ್ಬರಲ್ಲಿ ಯಾರ ಮಾರುಕಟ್ಟೆ ಪಾಲೂ 30% ಮೀರದೆ, ಅವಧಿ 5 ವರ್ಷ ದಾಟದಿದ್ದರೆ, ಒಂದೇ ಬ್ರ್ಯಾಂಡಿನ ಒಪ್ಪಂದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ.