ಕಿಟಕಿ ಗಾಜಿನಾಚೆಯ ಫೋಟೋಗೆ ಪೋಲರೈಸರ್, ಕಪ್ಪು ಬಟ್ಟೆ, ರಬ್ಬರ್ ಹುಡ್: ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ರಬ್ಬರ್ ಹುಡ್‌ಗೆ. ಲೆನ್ಸಿನ ಮುಂದಕ್ಕೆ ತಿರುಗಿಸಿ ಕೂರಿಸುವ, ಮಡಚಬಹುದಾದ ಮೆತ್ತನೆಯ ಕಪ್ಪು ರಬ್ಬರಿನ ಬಳೆ ಅದು. ಆದರೆ ನಾನು ಮೊದಲು ಕೊಂಡದ್ದು ಅದನ್ನಲ್ಲ. ಎಂಟು ಗಂಟೆಯ ರೈಲು ಪ್ರಯಾಣಕ್ಕೆಂದು, ಪ್ರತಿಫಲನ ತೆಗೆಯುತ್ತದೆ ಎಂಬ ಮಾತು ನಂಬಿ, ಒಳ್ಳೆಯ ಪೋಲರೈಸರ್ ಫಿಲ್ಟರ್ ಕೊಂಡೆ. ಊರು ತಲುಪಿ ಫೋಟೋ ನೋಡಿದಾಗ ಬೆಟ್ಟದ ಸಾಲಿನ ನಡುವೆ ಎದುರು ಸೀಟಿನವರ ಬಿಳಿ ಅಂಗಿ ಹಾಗೇ ಇತ್ತು. ಗುಂಡಿಗಳನ್ನು ಎಣಿಸಬಹುದಿತ್ತು.

ಫಿಲ್ಟರ್ ಕೆಟ್ಟದ್ದಿರಲಿಲ್ಲ, ನಾನು ಅದರಿಂದ ಕೇಳಿದ ಕೆಲಸ ತಪ್ಪಾಗಿತ್ತು. ಪೋಲರೈಸರ್ ಅಳಿಸುವುದು ಧ್ರುವೀಕರಣಗೊಂಡ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ. ಗಾಜಿನಿಂದ ಹಿಂತಿರುಗುವ ಬೆಳಕು ಪೂರ್ತಿ ಧ್ರುವೀಕರಣಗೊಳ್ಳುವುದು ಒಂದೇ ಕೋನದಲ್ಲಿ: ಗಾಜಿಗೆ ನೇರವಾಗಿ ಎಳೆದ ಗೆರೆಯಿಂದ ಸುಮಾರು 56 ಡಿಗ್ರಿ ಓರೆಯಾಗಿ ನೋಡಿದಾಗ. ಕಿಟಕಿಗೆ ಮುಖಮಾಡಿ ಕ್ಯಾಮೆರಾ ಹಿಡಿದರೆ, ನಮ್ಮ ಹಿಂದಿನಿಂದ ಬಂದು ಗಾಜಿಗೆ ಬಡಿದು ನೇರ ಲೆನ್ಸಿಗೆ ಮರಳುವ ಬೆಳಕಿನಲ್ಲಿ ಧ್ರುವೀಕರಣ ಇರುವುದೇ ಇಲ್ಲ. ಫಿಲ್ಟರನ್ನು ಎಷ್ಟು ತಿರುಗಿಸಿದರೂ ಅಂಗಿ ಮಾಯವಾಗುವುದಿಲ್ಲ. ನಾನು ಇಡೀ ಬೆಳಗ್ಗೆ ಅದನ್ನೇ ತಿರುಗಿಸುತ್ತ ಕೂತಿದ್ದೆ.

ಸರಿ, ಓರೆಯಾಗಿಯೇ ತೆಗೆಯೋಣ ಎಂದು ರೈಲು ಹೋಗುವ ದಿಕ್ಕಿಗೆ ಕ್ಯಾಮೆರಾ ವಾಲಿಸಿದೆ. ಪ್ರತಿಫಲನ ನಿಜಕ್ಕೂ ಕರಗಿತು. ಆದರೆ ಆಗ ಲೆನ್ಸು ಗಾಜನ್ನು ಓರೆಯಾಗಿ ಹಾದು ನೋಡುತ್ತದೆ. ಕಿಟಕಿಗೆ ಎರಡು ಪದರದ ಗಾಜಿದ್ದರೆ ಕಂಬ, ಹಕ್ಕಿ, ಮನೆಯ ಅಂಚು ಎಲ್ಲದಕ್ಕೂ ಪಕ್ಕದಲ್ಲೊಂದು ಮಸುಕು ನೆರಳು ಮೂಡುತ್ತದೆ. ಹೊರಗಿನ ಧೂಳಿನ ಗೆರೆಗಳೂ ಓರೆಯಲ್ಲಿ ಹತ್ತಿರ ಹತ್ತಿರವಾಗಿ ದಟ್ಟವಾಗುತ್ತವೆ. ಒಂದು ತೊಂದರೆ ಕೊಟ್ಟು ಎರಡು ಕೊಂಡಂತಾಯಿತು.

ಬಸ್ಸಿನಲ್ಲಿ ಇನ್ನೊಂದು ಪಾಠ. ಪಕ್ಕದ ಕಿಟಕಿಗಳಿಗೆ ಸಾಮಾನ್ಯವಾಗಿ ಹಾಕುವುದು ಕಾಯಿಸಿ ಥಟ್ಟನೆ ತಣಿಸಿದ ಟೆಂಪರ್ಡ್ ಗಾಜು. ಹಾಗೆ ತಣಿಸಿದಾಗ ಗಾಜಿನೊಳಗೆ ಬಿಗಿತ ಉಳಿದುಕೊಳ್ಳುತ್ತದೆ. ಬರಿಗಣ್ಣಿಗೆ ಅದು ಕಾಣುವುದು ಅಪರೂಪ. ಪೋಲರೈಸರ್ ಹಾಕಿದೊಡನೆ ಆಕಾಶದ ಮೇಲೆ ನೀಲಿ-ನೇರಳೆ ಚುಕ್ಕಿಗಳು, ಪಟ್ಟೆಗಳು ಎದ್ದು ಬರುತ್ತವೆ, ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ. ನನ್ನ ಸುಮಾರು ನಲವತ್ತು ಫೋಟೋ ಹೀಗೆ ಹಾಳಾದವು. ಪ್ಲಾಸ್ಟಿಕ್ ಕಿಟಕಿಯಾದರೆ ಬಣ್ಣ ಇನ್ನೂ ಗಾಢ. ಫಿಲ್ಟರ್ ತೆಗೆದರೆ ಸಾಕು, ಚುಕ್ಕಿ ಹೋಗುತ್ತದೆ. ಎಡಿಟಿಂಗ್‌ನಲ್ಲಿ ಅದನ್ನು ತೆಗೆಯುವುದು ಮಾತ್ರ ದೊಡ್ಡ ಶಿಕ್ಷೆ.

ಮೂರನೆಯ ನಷ್ಟ ತಕ್ಷಣ ಕಾಣುವಂಥದ್ದಲ್ಲ, ಅದು ವೇಗದ್ದು. ಪೋಲರೈಸರ್ ಒಳಬರುವ ಬೆಳಕನ್ನು ಒಂದೂವರೆ ಸ್ಟಾಪಿನಷ್ಟು ತಿನ್ನುತ್ತದೆ. ಅಂದರೆ 1/1000 ಸೆಕೆಂಡಿನಲ್ಲಿ ತೆಗೆಯಬಹುದಾಗಿದ್ದ ಫೋಟೋ 1/350ಕ್ಕೆ ಇಳಿಯುತ್ತದೆ. ಗಂಟೆಗೆ 90 ಕಿಲೋಮೀಟರ್ ಓಡುವ ರೈಲು ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. 1/1000ರಲ್ಲಿ ಎರಡೂವರೆ ಸೆಂಟಿಮೀಟರ್, 1/350ರಲ್ಲಿ ಏಳು ಸೆಂಟಿಮೀಟರ್. ನನ್ನ ಕ್ಯಾಮೆರಾ 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಸೆನ್ಸರಿನದು, ಲೆನ್ಸು 35 ಮಿಲಿಮೀಟರ್. ಅದರಲ್ಲಿ ನೂರು ಮೀಟರ್ ದೂರದ ಮನೆ 1/1000ರಲ್ಲಿ ಎರಡು ಪಿಕ್ಸೆಲ್‌ನಷ್ಟು ಮಾತ್ರ ಜಾರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. 1/350ರಲ್ಲಿ ಆರು ಪಿಕ್ಸೆಲ್ ಜಾರುತ್ತದೆ, ದೊಡ್ಡದು ಮಾಡಿ ನೋಡಿದರೆ ಹೆಂಚಿನ ಗೆರೆಗಳು ಕಲಸಿಹೋಗಿರುತ್ತವೆ. ಹತ್ತು ಮೀಟರ್ ದೂರದ ಬೇಲಿಯಂತೂ 1/1000ರಲ್ಲೂ ಇಪ್ಪತ್ತು ಪಿಕ್ಸೆಲ್ ದಾಟುತ್ತದೆ. ಹಾಗಾಗಿ ಹಳಿಯ ಪಕ್ಕದ ಬೇಲಿ, ಕಂಬಗಳ ಆಸೆ ನಾನು ಬಿಟ್ಟಿದ್ದೇನೆ. ಅವು ಚೌಕಟ್ಟಿಗೆ ಬಾರದ ಹಾಗೆ ಕ್ಯಾಮೆರಾ ತುಸು ಮೇಲೆತ್ತುತ್ತೇನೆ, ಇಲ್ಲವೇ ರೈಲು ತಿರುವಿನಲ್ಲಿ ನಿಧಾನವಾಗುವವರೆಗೆ ಕಾಯುತ್ತೇನೆ.

ಕಪ್ಪು ಬಟ್ಟೆಯ ವಿಷಯ ಹೀಗಿದೆ. ಒಳಗಿನ ಬೆಳಕು ಗಾಜಿಗೆ ಬೀಳದಿದ್ದರೆ ಪ್ರತಿಫಲನವೇ ಹುಟ್ಟುವುದಿಲ್ಲ. ಒಂದು ಪದರದ ಗಾಜು ತನ್ನ ಮೇಲೆ ನೇರ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ಎಂಟು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ನಡುಹಗಲಲ್ಲಿ ಹೊರಗಿನ ಪ್ರಖರತೆಯ ಎದುರು ಆ ಎಂಟು ಪಾಲು ಲೆಕ್ಕಕ್ಕಿಲ್ಲ. ಮುಸ್ಸಂಜೆ ಒಳಗಿನ ದೀಪ ಹೊತ್ತಿದಾಗ ಅದೇ ಎಂಟು ಪಾಲು ಹೊರಗಿನ ಇಡೀ ದೃಶ್ಯವನ್ನು ಮುಚ್ಚಿಬಿಡುತ್ತದೆ. ಕಪ್ಪು ಜಾಕೆಟ್ಟನ್ನು ತಲೆ ಮತ್ತು ಕ್ಯಾಮೆರಾದ ಮೇಲೆ ಹೊದ್ದು ಅಂಚುಗಳನ್ನು ಗಾಜಿಗೆ ಒತ್ತಿಟ್ಟರೆ ಪ್ರತಿಫಲನ ಪೂರ್ತಿ ಹೋಗುತ್ತದೆ, ಕ್ಯಾಮೆರಾವನ್ನು ಬೇಕಾದಷ್ಟು ವಾಲಿಸಲೂಬಹುದು. ಗುಣದಲ್ಲಿ ಇದೇ ಮೇಲು ಎಂದು ಒಪ್ಪುತ್ತೇನೆ, ಖರ್ಚೂ ಇಲ್ಲ. ಆದರೆ ಬಟ್ಟೆ ಹಿಡಿಯಲು ಒಂದು ಕೈ ಬೇಕು, ಪಕ್ಕದವರಿಗೆ ಕಿಟಕಿಯೇ ಇಲ್ಲದಂತಾಗುತ್ತದೆ, ಹೊದಿಕೆ ಸರಿಮಾಡುವಷ್ಟರಲ್ಲಿ ಸೇತುವೆ ದಾಟಿರುತ್ತದೆ. ಫೋನಿನಲ್ಲಿ ತೆಗೆಯುವವರಿಗೆ ಮಾತ್ರ ಬಟ್ಟೆಯೇ ಸೂಕ್ತ, ಹುಡ್ ಅದಕ್ಕೆ ಕೂರುವುದಿಲ್ಲ.

ಹಿಂದಿರುಗುವಾಗ ಅದೇ ದಾರಿಯಲ್ಲಿ ರಬ್ಬರ್ ಹುಡ್ ಹಾಕಿಕೊಂಡು ಕೂತೆ. ಅದರ ತುಟಿ ಗಾಜಿಗೆ ಸುತ್ತಲೂ ಅಂಟಿಕೊಂಡ ಕ್ಷಣಕ್ಕೆ ಪರದೆಯಲ್ಲಿ ಮಂಜು ಸರಿದಂತೆ ಬಣ್ಣ ಗಾಢವಾಯಿತು. ಬಲಗೈಯೊಂದೇ ಸಾಕಾಯಿತು. ಲೆನ್ಸು ಗಾಜಿಗೆ ಅಷ್ಟು ಹತ್ತಿರವಿದ್ದದ್ದರಿಂದ ಧೂಳಿನ ಕಾಟವೂ ಇಳಿಯಿತು. ಲೆನ್ಸಿನ ದ್ವಾರವನ್ನು ಎಫ್/2.8 ಅಥವಾ ಎಫ್/4ರಷ್ಟು ಅಗಲ ತೆರೆದರೆ ಹೊರಗಿನ ಧೂಳಿನ ಕಣ ಫೋಕಸ್ಸಿನಿಂದ ಎಷ್ಟು ದೂರ ಹೋಗುತ್ತದೆಂದರೆ, ಚಿತ್ರದಲ್ಲಿ ಅದು ಕರಗಿಹೋಗುತ್ತದೆ. ದ್ವಾರ ಕಿರಿದಾಗಿಸಿ ಎಫ್/16ಕ್ಕೆ ಹೋದರೆ ಅದೇ ಕಣ ಬೂದು ಚುಕ್ಕಿಯಾಗಿ ಮರಳುತ್ತದೆ. ಕ್ಯಾಮೆರಾ ಗಾಜಿನ ಕೊಳೆಯ ಮೇಲೇ ಫೋಕಸ್ ಮಾಡಲು ಹಟ ಹಿಡಿದರೆ, ದೂರದ ಬೆಟ್ಟಕ್ಕೊಮ್ಮೆ ಫೋಕಸ್ ಮಾಡಿ ಮ್ಯಾನುವಲ್‌ಗೆ ಹಾಕಿಡಿ.

ಹುಡ್‌ನಲ್ಲಿ ನಾನು ಮಾಡಿದ ತಪ್ಪು ಒತ್ತಿ ಹಿಡಿದದ್ದು. ಗಾಜು ಸದಾ ನಡುಗುತ್ತಿರುತ್ತದೆ. ಕ್ಯಾಮೆರಾವನ್ನು ಅದಕ್ಕೆ ಆನಿಸಿದರೆ ಆ ನಡುಕ ನೇರ ಚಿತ್ರಕ್ಕೆ ಇಳಿಯುತ್ತದೆ. ಮುಂದಿನದಷ್ಟೇ ಅಲ್ಲ, ದೂರದ ಬೆಟ್ಟವೂ ಸೇರಿ ಇಡೀ ಚಿತ್ರ ಒಂದೇ ರೀತಿ ಮಸುಕಾಗಿದ್ದರೆ ಅದು ನಡುಕ. ಹತ್ತಿರದ್ದು ಮಾತ್ರ ಅಡ್ಡಡ್ಡ ಎಳೆದಂತಿದ್ದರೆ ಅದು ರೈಲಿನ ವೇಗ. ಈಗ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಕಿಟಕಿಯ ಚೌಕಟ್ಟಿಗೆ ತೋಳು ತಾಗಿಸದೆ, ರಬ್ಬರಿನ ತುದಿ ಮಾತ್ರ ಗಾಜನ್ನು ಮುಟ್ಟುವಂತೆ ಹಿಡಿಯುತ್ತೇನೆ.

ಅದಕ್ಕೂ ಮಿತಿಯಿದೆ. ಕ್ಯಾಮೆರಾ ಹೆಚ್ಚು ವಾಲಿಸಿದರೆ ರಬ್ಬರಿನ ಒಂದು ಬದಿ ಗಾಜು ಬಿಟ್ಟು ಬೆಳಕು ನುಗ್ಗುತ್ತದೆ. ತೀರ ಅಗಲ ನೋಟದ ಲೆನ್ಸಿನಲ್ಲಿ ಮೂಲೆಗಳು ಕಪ್ಪಾಗುತ್ತವೆ, ಆಗ ಹುಡ್ಡನ್ನು ಒಂದು ಮಡಿಕೆ ಹಿಂದಕ್ಕೆ ಮಡಚಬೇಕು. ಎರಡು ಪದರದ ಗಾಜಿನಲ್ಲಿ ರಾತ್ರಿಯ ಹೊರಗಿನ ದೀಪಗಳಿಗೆ ಜೋಡಿ ದೀಪ ಮೂಡುವುದನ್ನು ಯಾವ ಹುಡ್ಡೂ ತಡೆಯಲಾರದು, ಅದು ಗಾಜುಗಳ ನಡುವೆಯೇ ಆಗುವ ಪ್ರತಿಫಲನ.

ನಾನು ಒಬ್ಬನೇ ಓಡಾಡುವವನು, ಚಿಕ್ಕ ಬ್ಯಾಗು, ಕೈಗೆ ಸಿಕ್ಕಿದ್ದನ್ನು ಥಟ್ಟನೆ ಬಳಸಬೇಕು. ಪೋಲರೈಸರ್‌ಗೆ ಕೊಟ್ಟ ಹಣದ ಸಣ್ಣ ಪಾಲಿಗೆ ಹುಡ್ ಬಂತು, ಮಡಚಿದರೆ ಜೇಬಿಗೂ ಹೋಗುತ್ತದೆ. ಪೋಲರೈಸರ್ ಈಗ ಕೆರೆ, ತೊರೆಗಳ ದಡಕ್ಕೆ ಹೋಗುವಾಗ ಮಾತ್ರ ಹೊರಬರುತ್ತದೆ. ಕಪ್ಪು ಜಾಕೆಟ್ ಹೇಗೂ ಮೈಮೇಲಿರುತ್ತದೆ, ಕತ್ತಲಾದ ಮೇಲೆ ಹುಡ್‌ನ ಜೊತೆ ಅದನ್ನೂ ಹೊದ್ದುಕೊಳ್ಳುತ್ತೇನೆ. ಸೀಟು ಆರಿಸಲು ಅವಕಾಶವಿದ್ದರೆ ಬಿಸಿಲು ಬೀಳದ ಬದಿಯ ಕಿಟಕಿ ಹಿಡಿಯುತ್ತೇನೆ. ಬಿಸಿಲು ಬಡಿದ ಗಾಜಿನಲ್ಲಿ ಧೂಳೇ ಬೆಳಗಿ ಇಡೀ ಚಿತ್ರ ಬಿಳಿಚಿಕೊಳ್ಳುತ್ತದೆ, ಅದಕ್ಕೆ ಈ ಮೂರರಲ್ಲಿ ಯಾವುದೂ ಮದ್ದಲ್ಲ.