27 ಇಂಚಿನ 4ಕೆ ಎರಡನೇ ಮಾನಿಟರ್: 14 ತಿಂಗಳು ಬಳಸಿದ ಮೇಲೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲೇ ಕೂತು ನಾನು ಕನ್ನಡ ಪುಸ್ತಕಗಳ ಪುಟ ವಿನ್ಯಾಸ ಮಾಡುತ್ತೇನೆ. 15.6 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಎರಡು ಪುಟ ಅಕ್ಕಪಕ್ಕ ಇಟ್ಟರೆ ಒತ್ತಕ್ಷರ ಕಾಣುವುದೇ ಇಲ್ಲ. ಅದಕ್ಕೇ ಹೋದ ವರ್ಷ ಶಿವಮೊಗ್ಗದ ದುರ್ಗಿಗುಡಿಗೆ ಹೋಗಿ 27 ಇಂಚಿನ 4ಕೆ ಮಾನಿಟರ್ ತಂದೆ. ಈಗ 14 ತಿಂಗಳಾಯಿತು. ಮಾನಿಟರ್ ನನಗೆ ತುಂಬಾ ಇಷ್ಟವಾಗಿದೆ. ಆದರೆ ಮೊದಲ ಎರಡು ತಿಂಗಳು ಇದನ್ನು ವಾಪಸ್ ಕೊಟ್ಟೇಬಿಡೋಣ ಅನ್ನಿಸಿತ್ತು. ತಪ್ಪು ಇದ್ದದ್ದು ಮಾನಿಟರ್‌ನಲ್ಲಲ್ಲ, ಕೇಬಲ್‌ನಲ್ಲಿ. ಅದನ್ನು ಹೇಗೆ ಪತ್ತೆ ಮಾಡಿದೆ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಬಂದ ಎಚ್‌ಡಿಎಂಐ ಕೇಬಲ್ ನನ್ನ ಮೇಜಿಗೆ ಸಾಲಲಿಲ್ಲ. ಮನೆಯಲ್ಲಿ 5 ಮೀಟರ್ ಉದ್ದದ ಹಳೆಯ ಕೇಬಲ್ ಒಂದಿತ್ತು. ಹಿಂದಿನ ಮಾನಿಟರ್‌ಗೆ ವರ್ಷಗಟ್ಟಲೆ ಅದನ್ನೇ ಬಳಸಿದ್ದೆ, ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಅದನ್ನೇ ಹಾಕಿದೆ. ಚಿತ್ರವೂ ಚೆನ್ನಾಗಿ ಬಂತು. ಅರ್ಧ ಗಂಟೆಯ ನಂತರ ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಎರಡು ಸೆಕೆಂಡಿಗೆ ವಾಪಸ್ ಬಂತು. ಆಮೇಲೆ ದಿನಕ್ಕೆ ಹತ್ತು ಹನ್ನೆರಡು ಸಲ ಹೀಗೇ. ಕಡು ಬಣ್ಣದ ಮುಖಪುಟ ತೆರೆದಾಗ ಅಲ್ಲಲ್ಲಿ ಬಿಳಿ ಚುಕ್ಕೆಗಳು ಮಿಂಚಿ ಮಾಯವಾಗುತ್ತಿದ್ದವು, ಸಕ್ಕರೆ ಚೆಲ್ಲಿದ ಹಾಗೆ.

ಅಂಗಡಿಗೆ ಫೋನ್ ಮಾಡಿದೆ. "ಪ್ಯಾನೆಲ್ ಹೋಗಿರಬೇಕು ಸರ್, ತಗೊಂಡು ಬನ್ನಿ" ಅಂದರು. ಅಷ್ಟು ದೂರ ಹೊತ್ತುಕೊಂಡು ಹೋಗುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಚುಕ್ಕೆ ಮಿಂಚುತ್ತಿರುವಾಗಲೇ ಮಾನಿಟರ್‌ನ ಬಟನ್ ಒತ್ತಿ ಅದರ ಮೆನು ತೆರೆದೆ. ಮೆನುವಿನ ಮೇಲೆ ಒಂದೂ ಚುಕ್ಕೆ ಇಲ್ಲ, ಸುತ್ತ ಮಾತ್ರ ಮಿಂಚುತ್ತಿದೆ. ಆ ಮೆನುವನ್ನು ಬಿಡಿಸುವುದು ಮಾನಿಟರ್ ತಾನೇ, ಅದು ಕೇಬಲ್ ದಾಟಿ ಬರುವುದಿಲ್ಲ. ಅಂದರೆ ಪ್ಯಾನೆಲ್ ಸರಿ ಇದೆ, ಹಾಳಾಗುತ್ತಿರುವುದು ಒಳಗೆ ಬರುವ ಸಿಗ್ನಲ್. ಮೆನು ಕೂಡ ನಡುಗಿದರೆ ಅಥವಾ ಮಿಣುಕಿದರೆ ಆಗ ಪ್ಯಾನೆಲ್ ಅಥವಾ ಪವರ್ ಅಡಾಪ್ಟರ್ ಮೇಲೆ ಅನುಮಾನ ಪಡಬೇಕು.

ಆಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಬೆಳಿಗ್ಗೆ ಅಮ್ಮ ಬಾವಿಯ ಪಂಪ್ ಸ್ವಿಚ್ ಹಾಕಿದ ಕ್ಷಣಕ್ಕೇ ಪರದೆ ಕಪ್ಪಾಗುತ್ತಿತ್ತು. ಮೂರು ದಿನ ನೋಡಿದೆ, ಮೂರು ದಿನವೂ ಹಾಗೇ. ಮೋಟರ್ ಶುರುವಾಗುವಾಗ ಸ್ವಿಚ್‌ನಲ್ಲಿ ಕಿಡಿ ಹಾರುತ್ತದೆ, ಅದರ ಅಲೆ ಹತ್ತಿರದ ವೈರುಗಳಿಗೂ ತಾಗುತ್ತದೆ. ಕೇಬಲ್‌ನ ಒಳಗಿನ ಕವಚ ಗಟ್ಟಿ ಇದ್ದರೆ ಏನೂ ಆಗುವುದಿಲ್ಲ. ನನ್ನದು ಮೊದಲೇ ಏದುಸಿರು ಬಿಡುತ್ತಿದ್ದ ಕೇಬಲ್, ಆ ಸಣ್ಣ ಹೊಡೆತವನ್ನೂ ತಾಳಲಿಲ್ಲ.

ಕೇಬಲ್ ಅನ್ನುವುದನ್ನು ಖಚಿತ ಮಾಡಿಕೊಂಡದ್ದು ರಿಫ್ರೆಶ್ ರೇಟ್ ಇಳಿಸಿ. ವಿಂಡೋಸ್ 11ರಲ್ಲಿ `Settings > System > Display > Advanced display` ತೆರೆದು 60 ಹರ್ಟ್ಸ್ ಇದ್ದದ್ದನ್ನು 30 ಮಾಡಿದೆ. ಮೌಸ್ ಜಗ್ಗಿ ಜಗ್ಗಿ ಓಡತೊಡಗಿತು. ಆದರೆ ಚುಕ್ಕೆ ಹೋಯಿತು. ಇಡೀ ದಿನ ಪರದೆ ಒಂದು ಸಲವೂ ಕಪ್ಪಾಗಲಿಲ್ಲ, ಪಂಪ್ ಹಾಕಿದಾಗಲೂ. ಲೆಕ್ಕ ಇಷ್ಟೇ. 4ಕೆ ಚಿತ್ರ 60 ಹರ್ಟ್ಸ್‌ನಲ್ಲಿ ಹೋಗಬೇಕಾದರೆ ಎಚ್‌ಡಿಎಂಐ ಕೇಬಲ್ ಸೆಕೆಂಡಿಗೆ ಸುಮಾರು 18 ಗಿಗಾಬಿಟ್ ಹೊರಬೇಕು. 30ಕ್ಕೆ ಅದರ ಅರ್ಧ ಸಾಕು. ನನ್ನ ಹಳೆಯ ಫುಲ್ ಎಚ್‌ಡಿ ಮಾನಿಟರ್‌ಗೆ ಕಾಲು ಭಾಗ ಸಾಕಾಗಿತ್ತು, ಅದಕ್ಕೇ ಅಷ್ಟು ವರ್ಷ ಅದೇ ಕೇಬಲ್ ಆರಾಮಾಗಿ ನಡೆಯಿತು. "ಹಳೇ ಮಾನಿಟರ್‌ಗೆ ಸರಿಯಿತ್ತಲ್ಲ" ಅನ್ನುವ ಮಾತು ಇಲ್ಲಿ ಸಾಕ್ಷಿಯೇ ಅಲ್ಲ.

ಹೊಸದಾಗಿ 2 ಮೀಟರ್ ಕೇಬಲ್ ತರಿಸಿದೆ. ಪೆಟ್ಟಿಗೆಯ ಮೇಲೆ `Premium High Speed` ಅಂತ ಸ್ಟಿಕ್ಕರ್ ಇರುವುದನ್ನೇ ಹುಡುಕಿದೆ. 18 ಗಿಗಾಬಿಟ್‌ಗೆ ಪರೀಕ್ಷೆಯಾಗಿ ಪಾಸಾದ ಕೇಬಲ್‌ಗೆ ಕೊಡುವ ಗುರುತು ಅದು. ಬರೀ `High Speed` ಅಂತಿದ್ದರೆ ಅದು 10.2 ಗಿಗಾಬಿಟ್‌ವರೆಗಿನ ಹಳೆಯ ದರ್ಜೆ. `4K` ಅಂತ ದಪ್ಪಕ್ಷರದಲ್ಲಿ ಬರೆದಿದ್ದರೂ ಅದು 30 ಹರ್ಟ್ಸ್‌ನ 4ಕೆ ಇರಬಹುದು. ಹೊಸ ಕೇಬಲ್ ಹಾಕಿದ ದಿನದಿಂದ ಇವತ್ತಿನವರೆಗೆ ಚುಕ್ಕೆಯನ್ನೇ ನೋಡಿಲ್ಲ.

ಮಧ್ಯದಲ್ಲಿ ಎರಡು ತಿಂಗಳು ಯುಎಸ್‌ಬಿ-ಸಿ ಹಬ್ ಮೂಲಕವೂ ಬಳಸಿದೆ. ಮಿಣುಕು ಇರಲಿಲ್ಲ, ಆದರೆ ಪಟ್ಟಿಯಲ್ಲಿ 30 ಹರ್ಟ್ಸ್‌ಗಿಂತ ಜಾಸ್ತಿ ಬರಲೇ ಇಲ್ಲ. ಅದು ಹಬ್‌ನ ಮಿತಿ. ಅದನ್ನು ಬಿಟ್ಟು ಯುಎಸ್‌ಬಿ-ಸಿಯಿಂದ ನೇರ ಡಿಸ್‌ಪ್ಲೇಪೋರ್ಟ್‌ಗೆ ಹೋಗುವ ಕೇಬಲ್ ಹಾಕಿದೆ, 60 ಬಂತು. ಈಗಲೂ ಅದೇ ಇದೆ, ಎಚ್‌ಡಿಎಂಐ ಕೇಬಲ್ ಪಕ್ಕದಲ್ಲಿ ಸಿದ್ಧವಾಗಿರುತ್ತದೆ. ಈ ಎರಡರ ಕಾಯಿಲೆಯ ಲಕ್ಷಣ ಬೇರೆ ಬೇರೆ. ಡಿಸ್‌ಪ್ಲೇಪೋರ್ಟ್ ಮೊದಲು ಕೇಬಲ್‌ನ ಶಕ್ತಿ ಪರೀಕ್ಷಿಸುತ್ತದೆ, ಸಾಲದಿದ್ದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಕೆಟ್ಟ ಕೇಬಲ್ ಇದ್ದರೆ ಸಾಮಾನ್ಯವಾಗಿ ರೆಸಲ್ಯೂಶನ್ ಅಥವಾ ಹರ್ಟ್ಸ್ ಕಡಿಮೆ ಕಾಣುತ್ತದೆ. ನನ್ನ ಮಾನಿಟರ್‌ನ ಎಚ್‌ಡಿಎಂಐ 2.0ರಲ್ಲಿ ಅಂಥ ಪರೀಕ್ಷೆ ಇಲ್ಲ. ಅದು ಕಳಿಸಿಯೇಬಿಡುತ್ತದೆ, ಕೇಬಲ್ ಸೋತರೆ ಪರದೆ ಮಿಣುಕುತ್ತದೆ.

ಇನ್ನು ತಪ್ಪು ರೆಸಲ್ಯೂಶನ್ ವಿಷಯ. ನಮ್ಮ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ವಾ, ಗಾಳಿ ಬಂದರೆ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ಮಾನಿಟರ್ ಮಾತ್ರ ಆರುತ್ತದೆ. ಆಗ ಇನ್ನೂ ಎಚ್‌ಡಿಎಂಐಯಲ್ಲೇ ಇದ್ದೆ. ಜುಲೈನಲ್ಲಿ ಒಂದು ಸಂಜೆ ಕರೆಂಟ್ ಬಂದಾಗ ಪರದೆ 1024 × 768ರಲ್ಲಿ ಎದ್ದಿತು, ಅಕ್ಷರಗಳೆಲ್ಲ ಊದಿಕೊಂಡು ಅಗಲವಾಗಿ. ಡಿವೈಸ್ ಮ್ಯಾನೇಜರ್ ತೆರೆದರೆ `Generic Non-PnP Monitor` ಅಂತಿತ್ತು. ಮಾನಿಟರ್ ತನ್ನ ಅಳತೆಗಳನ್ನು ಹೇಳುವ ಸಣ್ಣ ಕಡತ ಒಂದಿರುತ್ತದೆ, ಇಡಿಐಡಿ ಅಂತ. ಲ್ಯಾಪ್‌ಟಾಪ್‌ಗೆ ಅದನ್ನು ಓದಲು ಆಗಿರಲಿಲ್ಲ. ಡ್ರೈವರ್ ಮತ್ತೆ ಹಾಕುವ ಅಗತ್ಯ ಇರಲಿಲ್ಲ. ವಿಡಿಯೊ ಕೇಬಲ್ ತೆಗೆದೆ, ಮಾನಿಟರ್‌ನ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು ಅರ್ಧ ನಿಮಿಷ ಬಿಟ್ಟೆ. ಮೊದಲು ಪ್ಲಗ್ ಹಾಕಿ ಮಾನಿಟರ್ ಪೂರ್ತಿ ಎದ್ದ ಮೇಲೆ ಕೇಬಲ್ ಚುಚ್ಚಿದೆ. 3840 × 2160 ವಾಪಸ್ ಬಂತು. ಆ ಮಳೆಗಾಲದಲ್ಲಿ ಹೀಗೆ ನಾಲ್ಕು ಸಲ ಆಯಿತು. ಈಗ ಮಾನಿಟರ್‌ಗೂ ಚಿಕ್ಕ ಯುಪಿಎಸ್ ಇದೆ, ಮತ್ತೆ ಆಗಿಲ್ಲ.

ಅಕ್ಷರ ಮಸುಕಾಗಿದೆ ಅನ್ನಿಸಿದರೆ `Advanced display` ಪುಟದಲ್ಲೇ ಎರಡು ಸಾಲು ನೋಡಿ: `Desktop mode` ಮತ್ತು `Active signal mode`. ಎರಡರಲ್ಲೂ 3840 × 2160 ಇರಬೇಕು. ಬೇರೆ ಬೇರೆ ಇದ್ದರೆ ದಾರಿಯಲ್ಲಿ ಚಿತ್ರವನ್ನು ಯಾರೋ ಹಿಗ್ಗಿಸುತ್ತಿದ್ದಾರೆ ಅಂತ ಅರ್ಥ. ಅಕ್ಷರ ಚಿಕ್ಕದಾಯಿತು ಅಂತ ನನ್ನ ತಮ್ಮ ರೆಸಲ್ಯೂಶನ್ನನ್ನೇ 1920 × 1080ಕ್ಕೆ ಇಳಿಸಿ ಕೂತಿದ್ದ. ಹಾಗೆ ಮಾಡಿದರೆ 4ಕೆಗೆ ಕೊಟ್ಟ ದುಡ್ಡು ದಂಡ. ರೆಸಲ್ಯೂಶನ್ ಹಾಗೇ ಬಿಟ್ಟು `Scale` 150% ಇಡಬೇಕು. ಅಕ್ಷರ ದೊಡ್ಡದಾಗುತ್ತದೆ, ಅಂಚು ಚೂಪಾಗೇ ಇರುತ್ತದೆ. 'ಸ್ತ್ರೀ' ಅಂತ ಬರೆದು ನೋಡಿ. ಕೆಳಗಿನ ತಾವತ್ತು, ಅದರಡಿಯ ರಾವತ್ತು ಎರಡೂ ಬಿಡಿಬಿಡಿಯಾಗಿ ಕಾಣಬೇಕು. 1080ಕ್ಕೆ ಇಳಿಸಿದಾಗ ನನ್ನ ಕಣ್ಣಿಗೆ ಅವೆರಡೂ ಅಂಟಿಕೊಂಡಂತೆ ಕಂಡವು.

ಒಂದು ಕೊರತೆ ಇನ್ನೂ ಉಳಿದಿದೆ. ಲ್ಯಾಪ್‌ಟಾಪ್ ಪರದೆ 100%, ಇದು 150%. ನನ್ನ ಹಳೆಯ ಪುಟ ವಿನ್ಯಾಸದ ತಂತ್ರಾಂಶವನ್ನು ಒಂದರಿಂದ ಇನ್ನೊಂದಕ್ಕೆ ಎಳೆದರೆ ಮಸುಕಾಗುತ್ತದೆ. ಅದರ ಐಕಾನ್‌ನ `Properties > Compatibility > Change high DPI settings`ನಲ್ಲಿ ಸ್ಕೇಲಿಂಗ್ ಕೆಲಸವನ್ನು `Application`ಗೆ ಬಿಟ್ಟರೆ ಚೂಪಾಗುತ್ತದೆ, ಆದರೆ ಮೆನುಗಳು ತೀರಾ ಚಿಕ್ಕದಾಗುತ್ತವೆ. ಹಾಗಾಗಿ ಅದನ್ನು ದೊಡ್ಡ ಪರದೆಯಲ್ಲೇ ತೆರೆದು ಅಲ್ಲೇ ಇಟ್ಟುಕೊಳ್ಳುತ್ತೇನೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಅಂಕ ಕಡಿಮೆ ಮಾಡಿದ್ದು ಪೆಟ್ಟಿಗೆಯಲ್ಲಿ ಒಂದೂವರೆ ಮೀಟರ್‌ನ ಕೇಬಲ್ ಕೊಟ್ಟಿದ್ದಕ್ಕೆ.