ಟ್ಯಾಕ್ಸ್ ಪೋರ್ಟಲ್‌ನಲ್ಲಿ ಇರೋದು ನಿಮ್ಮ ಮೊಬೈಲ್ ನಂಬರೇನಾ? ಇವತ್ತೇ ನೋಡಿಕೊಳ್ಳಿ

ಬರೆಯೋಕೆ ನಾಚಿಕೆ. ಹದಿನಾಲ್ಕು ವರ್ಷದಿಂದ ಸಂಬಳ ತಗೊಳ್ಳುತ್ತಿರುವ ನಾನು ಇಷ್ಟು ದಡ್ಡನಾದೆನಲ್ಲ ಅಂತ. ಆದರೂ ಬರೆಯುತ್ತೇನೆ, ಇನ್ನೊಬ್ಬರು ಬೀಳಬಾರದು.

ಹೋದ ವರ್ಷ ರಿಟರ್ನ್ಸ್ ಹಾಕಲು ಕೂತೆ. ಪಾಸ್‌ವರ್ಡ್ ಮರೆತುಹೋಗಿತ್ತು. ಹೊಡೆದೆ, ತಪ್ಪು. ಮತ್ತೆ ಹೊಡೆದೆ, ತಪ್ಪು. ಐದು ಸಲ ಆಗುತ್ತಲೇ ಅಕೌಂಟ್ ಲಾಕ್. ಸರಿ, ಒಟಿಪಿ ತರಿಸೋಣ ಅಂದರೆ ಅದು ಹೋಗೋದು ಹಳೇ ನಂಬರಿಗೆ. ಆ ಸಿಮ್ಮಿಗೆ ರೀಚಾರ್ಜ್ ಮಾಡದೆ ಬಿಟ್ಟು ವರ್ಷದ ಮೇಲಾಗಿತ್ತು. ಆಧಾರ್ ಒಟಿಪಿ ಅಂತ ಇನ್ನೊಂದು ದಾರಿ ಇದೆಯಲ್ಲ, ಆಧಾರ್‌ಗೂ ಅದೇ ಸತ್ತ ನಂಬರು!

ಮನೆ ಹತ್ತಿರ ರಿಟರ್ನ್ಸ್ ಹಾಕಿಕೊಡುವ ಒಬ್ಬರಿದ್ದಾರೆ. ಅವರ ಹತ್ತಿರ ಹೋದೆ. "ಸರ್, ಇದು ಕಷ್ಟದ ಕೇಸು. ಒಳಗಡೆ ಮಾತಾಡಿ ಮಾಡಿಸಬೇಕು. ಎರಡೂವರೆ ಸಾವಿರ ಆಗುತ್ತೆ" ಅಂದರು. ಕೊಟ್ಟೆ. ಆಮೇಲೆ ಏನು ಮಾಡಿದರು ಗೊತ್ತಾ? "ನಿಮ್ಮ ನೆಟ್ ಬ್ಯಾಂಕಿಂಗ್ ಓಪನ್ ಮಾಡಿ ಕೊಡಿ" ಅಂದರು. ಮಾಡಿ ಕೊಟ್ಟೆ. ಟೀ ತಣ್ಣಗಾಗುವುದರೊಳಗೆ ನನ್ನ ಅಕೌಂಟ್ ತೆರೆದಿತ್ತು. ಒಳಗೂ ಇಲ್ಲ, ಮಾತೂ ಇಲ್ಲ. ನನ್ನದೇ ಬ್ಯಾಂಕಿನ ಪುಟದಲ್ಲಿ, ಟ್ಯಾಕ್ಸ್ ಅನ್ನುವ ಕಡೆ, ಇ-ಫೈಲಿಂಗ್‌ಗೆ ಹೋಗುವ ಒಂದು ಲಿಂಕ್ ಇತ್ತು, ಅಷ್ಟೇ. ಅದನ್ನು ಒತ್ತಿದ್ದಕ್ಕೆ ಎರಡೂವರೆ ಸಾವಿರ.

ಅದನ್ನಾದರೂ ಮರೆಯಬಹುದಿತ್ತು. ಅಸಲಿ ಪೆಟ್ಟು ಬಿದ್ದಿದ್ದು ಈ ವರ್ಷ.

ಮತ್ತೆ ಪಾಸ್‌ವರ್ಡ್ ಮರೆತೆ (ಹೌದು, ಬೈಯಿರಿ). `Forgot Password` ಒತ್ತಿದೆ. ಒಟಿಪಿ ಹೋಗುವ ನಂಬರಿನ ಕೊನೆಯ ಅಂಕಿಗಳು ಸ್ಕ್ರೀನ್ ಮೇಲೆ ಬಂದವು. ನನ್ನದಲ್ಲ. ಹೊಸದೂ ಅಲ್ಲ, ಹಳೇದೂ ಅಲ್ಲ. ಹೆಂಡತಿಯದಾ? ಅಲ್ಲ. ಇಮೇಲ್ ನೋಡಿದೆ, ಅದೂ ನನ್ನದಲ್ಲ. ಐದು ನಿಮಿಷ ಸುಮ್ನೆ ನೋಡುತ್ತಾ ಕೂತಿದ್ದೆ. ಕೊನೆಗೆ ಫೋನ್ ತೆಗೆದು ಆ ಮಹಾಶಯರ ನಂಬರ್ ನೋಡಿದರೆ ಅದೇ ಅಂಕಿಗಳು!

ಫೋನ್ ಮಾಡಿದೆ. "ಸರ್, ಎಲ್ಲಾ ಕ್ಲೈಂಟ್‌ಗಳದ್ದೂ ನಾವು ಹಾಗೇ ಹಾಕೋದು. ನಿಮಗೇ ತೊಂದರೆ ಆಗಬಾರದು ಅಂತ." ಕೇಳದೆ ಯಾಕೆ ಹಾಕಿದಿರಿ ಅಂದೆ. "ನೀವು ಬೇಡ ಅಂದಿರಲಿಲ್ಲವಲ್ಲ ಸರ್." ಬೇಡ ಅಂದಿರಲಿಲ್ಲವಂತೆ! ಒಟಿಪಿ ಕೊಡಿ ಅಂದರೆ, "ಈ ವರ್ಷದ್ದೂ ನಮ್ಮಲ್ಲೇ ಹಾಕಿಸಿಬಿಡಿ, ಎಲ್ಲಾ ಸರಿ ಮಾಡಿಕೊಡುತ್ತೇನೆ."

ಈ ಸಲ ನಾನೇ ಕೂತೆ. ನೆಟ್ ಬ್ಯಾಂಕಿಂಗ್‌ನಿಂದ ಆ ಲಿಂಕ್ ಹುಡುಕಿದೆ. ಬ್ಯಾಂಕ್ ಖಾತೆಗೆ ಪ್ಯಾನ್ ಜೋಡಿಸಿರಬೇಕು, ಇಲ್ಲದಿದ್ದರೆ ಇದು ನಡೆಯೋದಿಲ್ಲ. ಒಳಗೆ ಹೋದ ಮೇಲೆ ಪಾಸ್‌ವರ್ಡ್ ತಂಟೆಗೆ ಹೋಗಲಿಲ್ಲ. ಮೊದಲು `My Profile`ಗೆ ಹೋಗಿ ಸಂಪರ್ಕದ ವಿವರದಲ್ಲಿ ನನ್ನ ಮೊಬೈಲು, ನನ್ನ ಇಮೇಲು ಎರಡನ್ನೂ ಹಾಕಿದೆ. ಎರಡಕ್ಕೂ ಬೇರೆ ಬೇರೆ ಒಟಿಪಿ ಬರುತ್ತದೆ, 15 ನಿಮಿಷದೊಳಗೆ ಹಾಕಬೇಕು. ಮೊಬೈಲ್ ಮಾತ್ರ ಬದಲಿಸಿ ಇಮೇಲ್ ಬಿಟ್ಟರೆ ಮತ್ತೆ ಅವರ ಕೈಯಲ್ಲೇ ಜುಟ್ಟು. ಅದಾದ ಮೇಲೆ ಲಾಗ್ ಔಟ್ ಆಗಿ `Forgot Password` ಒತ್ತಿದೆ. ಈಗ ಒಟಿಪಿ ನನ್ನ ಫೋನಿಗೇ ಬಂತು. ಹೊಸ ಪಾಸ್‌ವರ್ಡ್ ಹಾಕಿದೆ. ಖರ್ಚು ಸೊನ್ನೆ.

ನೆಟ್ ಬ್ಯಾಂಕಿಂಗ್ ಇಲ್ಲದವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಹೊಸ ಮೊಬೈಲ್ ಸೇರಿಸಿಕೊಳ್ಳಿ. ಬೆರಳಚ್ಚು ಸಾಕು, ಬೇರೆ ದಾಖಲೆ ಕೇಳೋದಿಲ್ಲ. ಅದು ಅಪ್‌ಡೇಟ್ ಆದ ಮೇಲೆ ಆಧಾರ್ ಒಟಿಪಿಯಿಂದ ಪಾಸ್‌ವರ್ಡ್ ಬದಲಿಸಬಹುದು. ಆಧಾರ್‌ನಲ್ಲಿ ನಂಬರ್ ಬದಲಿಸಿದರೆ ಪೋರ್ಟಲ್‌ನಲ್ಲಿ ತಾನಾಗಿ ಬದಲಾಗುತ್ತದೆ ಅಂದುಕೊಳ್ಳಬೇಡಿ. ಎರಡೂ ಬೇರೆ ಬೇರೆ. ಸಹಾಯವಾಣಿ ಬೇಕಾದರೆ 1800 103 0025, ಇಲ್ಲವೇ ನಮ್ಮ ಬೆಂಗಳೂರಿನದೇ 080-46122000. ಗೂಗಲ್‌ನಲ್ಲಿ ಸಿಕ್ಕ ಯಾವುದೋ ನಂಬರಿಗೆ ಮಾತ್ರ ಫೋನ್ ಮಾಡಬೇಡಿ.

ಒಳಗೆ ಹೋದಾಗ ಇನ್ನೊಂದು ಕಂಡಿತು. `Pending Actions` ಅನ್ನುವಲ್ಲಿ ನನ್ನ ಹೆಸರಿಗೆ 3,840 ರೂಪಾಯಿ ಬಾಕಿ. ರಿಟರ್ನ್ಸ್ ನೋಡಿ ಇಲಾಖೆ ಲೆಕ್ಕ ತಿಳಿಸುವ 143(1) ಇಂಟಿಮೇಶನ್ ಬಂದು ಎಂಟು ತಿಂಗಳಾಗಿತ್ತು. ಬಂದಿದ್ದು ಅವರ ಇಮೇಲಿಗೆ. 30 ದಿನದೊಳಗೆ ಕಟ್ಟದಿದ್ದರೆ ತಿಂಗಳಿಗೆ ಶೇಕಡಾ 1 ಬಡ್ಡಿ. ಕೇಳಿದ್ದಕ್ಕೆ ವಾಟ್ಸಾಪ್‌ನಲ್ಲಿ ಉತ್ತರ ಬಂತು: "ನೋಡಿರಲಿಲ್ಲ ಸರ್, ನಮಗೆ ದಿನಕ್ಕೆ ನೂರಾರು ಮೇಲ್ ಬರುತ್ತೆ." ಬಡ್ಡಿ ಸಮೇತ ನಾನೇ ಕಟ್ಟಿದೆ.